ಇನ್ನೂರ ಹದಿನಾಲ್ಕು ಮೆಟ್ಟಿಲ ಮೇಲೆ ಖಾಲಿ ಹೊಟ್ಟೆ

ನನ್ನ ಭಾವನ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ತಡೆಯುವುದಿಲ್ಲ. ಅಕ್ಕನ ಗಂಡ ಅನ್ನುವ ಕಾರಣಕ್ಕಲ್ಲ. ಅಕ್ಕನ ಗಂಡನಾಗಿ ಅವರ ಮೇಲೆ ನನಗೆ ಬೇಕಾದಷ್ಟು ದೂರುಗಳಿವೆ. ಒದ್ದೆ ಟವಲನ್ನು ಹಾಸಿಗೆಯ ಮೇಲೆ ಬಿಸಾಡುತ್ತಾರೆ, ಮದುವೆ ಮನೆಗಳಿಗೆ ಕರೆದರೆ ಹೊಟ್ಟೆನೋವು ಅನ್ನುತ್ತಾರೆ, ಒಂದು ಮಾತು ಕೇಳಿದರೆ ಅರ್ಧ ಮಾತು ಹೇಳುತ್ತಾರೆ. ಆದರೆ ಟವರ್ ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತ ಭಾವನ ವಿಷಯ ಬೇರೆ. ಅಲ್ಲಿ ಅವರನ್ನು ಆಡಿಕೊಳ್ಳುವ ಯೋಗ್ಯತೆ ನಮ್ಮ ಸೈಟಿನಲ್ಲಿ ಒಬ್ಬನಿಗೂ ಇಲ್ಲ, ನನ್ನನ್ನೂ ಸೇರಿಸಿ.

ಇಪ್ಪತ್ತಾರು ವರ್ಷದಿಂದ ಅವರು ಕ್ರೇನ್ ನಡೆಸುತ್ತಿದ್ದಾರೆ. ಹದಿನಾಲ್ಕು ವರ್ಷದಿಂದ ನಾನು ಅವರ ಸಿಗ್ನಲ್‌ಮನ್. ಅಂದರೆ ಅವರು ಮೇಲೆ, ನಾನು ಕೆಳಗೆ. ಕ್ಯಾಬಿನ್ನಿನಿಂದ ಕಾಣದ ಮೂಲೆಗಳಿಗೆಲ್ಲ ನಾನೇ ಅವರ ಕಣ್ಣು. ವಾಕಿಟಾಕಿಯಲ್ಲಿ ನಾನು "ಎಡಕ್ಕೆ, ಇನ್ನೂ, ಇನ್ನೂ, ಸಾಕು, ಇಳಿಸಿ" ಅನ್ನುತ್ತೇನೆ. ಎರಡು ಟನ್ನಿನ ಕಬ್ಬಿಣದ ಕಟ್ಟು ಸದ್ದಿಲ್ಲದೆ ಬಂದು ಮರದ ದಿಮ್ಮಿಗಳ ಮೇಲೆ ಕೂರುತ್ತದೆ. ಬೇರೆ ಆಪರೇಟರುಗಳು ಇಳಿಸಿದರೆ ಧೂಳೇಳುತ್ತದೆ. ಭಾವ ಇಳಿಸಿದರೆ ಅಡಿಯಲ್ಲಿ ಬಿದ್ದ ಸಿಮೆಂಟ್ ಚೀಲದ ಕಾಗದವೂ ಅಲುಗುವುದಿಲ್ಲ. ತೂಗಾಡುವ ಭಾರವನ್ನು ಅರ್ಧದಲ್ಲಿ ಬಿಟ್ಟು ಸೀಟಿನಿಂದ ಎದ್ದವರಲ್ಲ ಅವರು.

ನನ್ನ ಅಕ್ಕ ಅವರಿಗೆ ಸಿಕ್ಕಿದ್ದೂ ಆ ಕೊಕ್ಕೆಯಿಂದಲೇ. ಆಗ ಅಕ್ಕ ಒಂದು ಸೈಟಿನ ಆಫೀಸಿನಲ್ಲಿ ಹಾಜರಿ ಬರೆಯುವ ಕೆಲಸಕ್ಕಿದ್ದಳು. ಒಂದು ದಿನ ಗಾಳಿಗೆ ಅವಳ ಛತ್ರಿ ಹಾರಿ ಶೆಡ್ಡಿನ ಮೇಲೆ ಬಿತ್ತು. ಅವಳು ಕೆಳಗೆ ನಿಂತು ಕಲ್ಲು ಹುಡುಕುತ್ತಿರುವಾಗ ಆಕಾಶದಿಂದ ಕ್ರೇನಿನ ಕೊಕ್ಕೆ ನಿಧಾನವಾಗಿ ಇಳಿದು ಬಂದು, ಛತ್ರಿಯ ಹಿಡಿಗೆ ಸಿಕ್ಕಿಸಿಕೊಂಡು, ಅವಳ ಕೈಯೆತ್ತರಕ್ಕೆ ತಂದು ನಿಲ್ಲಿಸಿತು. ಅದಕ್ಕಾಗಿ ಭಾವ ಇಂಜಿನಿಯರರಿಂದ ಚೆನ್ನಾಗಿ ಉಗಿಸಿಕೊಂಡರು. ಅಕ್ಕ ಮಾತ್ರ ಅಷ್ಟು ಹೊತ್ತಿಗೆ ಮೇಲೆ ಕೂತವರು ಯಾರು, ಅವರಿಗೆ ಮದುವೆ ಆಗಿದೆಯೋ ಇಲ್ಲವೋ ಅಂತ ವಿಚಾರಿಸಿ ಮುಗಿಸಿದ್ದಳು.

ಈಗ ನಮ್ಮ ಕೆಲಸ ಒಂದು ದೊಡ್ಡ ಆಸ್ಪತ್ರೆಯ ಕಟ್ಟಡದಲ್ಲಿ. ಹತ್ತು ತಿಂಗಳ ಹಿಂದೆ ಇಲ್ಲಿ ನಿಂತ ಕ್ರೇನ್ ಅವರು ಹಿಂದೆ ಏರಿದ ಎಲ್ಲಕ್ಕಿಂತ ಎತ್ತರ. ಏಣಿಯ ಮೆಟ್ಟಿಲು ಇನ್ನೂರ ಹದಿನಾಲ್ಕು. ಏರುವುದಕ್ಕೆ ಭಾವನಿಗೆ ಇಪ್ಪತ್ತು ನಿಮಿಷ, ಇಳಿಯುವುದಕ್ಕೆ ಹತ್ತು. ಮೇಲೆ ಸೀಟು, ಎರಡು ಲಿವರ್, ಒಂದು ಚಿಕ್ಕ ಫ್ಯಾನ್, ಅಷ್ಟೇ. ಮೂತ್ರಕ್ಕೆ ಒಂದು ಬಾಟಲಿ ಇಟ್ಟುಕೊಳ್ಳುತ್ತಾರೆ, ಎಲ್ಲ ಆಪರೇಟರುಗಳೂ ಇಟ್ಟುಕೊಳ್ಳುತ್ತಾರೆ. ಇನ್ನೊಂದಕ್ಕೆ ಮಾತ್ರ ಇಳಿಯಲೇಬೇಕು. ಇಳಿದರೆ ಕೆಳಗೆ ಎಪ್ಪತ್ತು ಜನ ಕೈಕಟ್ಟಿ ನಿಂತು ಕಾಯಬೇಕು. ಯಾರಿಗಾಗಿ, ಯಾತಕ್ಕಾಗಿ ಕಾಯುತ್ತಿದ್ದೇವೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಇಲ್ಲಿ ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕು. ಈ ಕ್ರೇನಿಗೆ ಮೊದಲು ಇಬ್ಬರು ಆಪರೇಟರುಗಳಿದ್ದರು. ಇನ್ನೊಬ್ಬರು ನಲವತ್ತರ ಆಸುಪಾಸಿನ ಸಾಧು ಮನುಷ್ಯ. ಶುರುವಿನ ವಾರದಲ್ಲೇ ಅವರಿಗೆ ಎರಡು ಸಲ ಹೊಟ್ಟೆ ಕೆಟ್ಟು, ಎರಡು ಸಲವೂ ಕೆಲಸದ ನಡುವೆ ಇಳಿದು ಓಡಿದರು. ನನ್ನ ಬಾಯಿ ಸುಮ್ಮನಿರಬೇಕಲ್ಲ. ಎರಡನೇ ಸಲ ಅವರು ಏಣಿ ಇಳಿಯುತ್ತಿರುವಾಗ ವಾಕಿಟಾಕಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ, "ದಾರಿ ಬಿಡ್ರಪ್ಪೋ, ಅವಸರ ಬರ್ತಿದ್ದಾರೆ" ಅಂದೆ. ಸೈಟಿಗೆ ಸೈಟೇ ನಕ್ಕಿತು. ಅವತ್ತಿನಿಂದ ಅವರ ಹೆಸರೇ ಅವಸರ ಅಂತಾಯಿತು. ಕ್ಯಾಂಟೀನಿನಲ್ಲಿ ಅವಸರ, ಹಾಜರಿ ಕೂಗುವಾಗ ಅವಸರ. ಒಂದೇ ತಿಂಗಳಲ್ಲಿ ಅವರು ಕೆಲಸ ಬಿಟ್ಟು ಯಾವುದೋ ಗೋಡೌನಿಗೆ ಫೋರ್ಕ್‌ಲಿಫ್ಟ್ ಓಡಿಸಲು ಹೋದರು. ನಾನು ಅದನ್ನು ಮರೆತೇಬಿಟ್ಟಿದ್ದೆ. ನಗಿಸಿದವನಿಗೆ ಮರೆಯುವುದು ಸುಲಭ.

ಅವರು ಹೋದಮೇಲೆ ಕ್ರೇನಿಗೆ ಭಾವ ಒಬ್ಬರೇ. ಅದೇ ಹೊತ್ತಿಗೆ ಕಂಪನಿಯವರು ಗೇಟಿನ ಪಕ್ಕ ಕಾಫಿ ಮೆಷಿನ್ ತಂದಿಟ್ಟರು. ಗುಂಡಿ ಒತ್ತಿದರೆ ಹಾಲಿಲ್ಲದ ಕಾಫಿ, ನಾಲಗೆ ಒಗರಾಗುವಷ್ಟು ಗಟ್ಟಿ, ಪುಕ್ಕಟೆ. ಬೆಳಿಗ್ಗೆ ಆರಕ್ಕೆ ಕೆಲಸ ಶುರು. ಐದೂವರೆಗೆ ನಾನು ಭಾವನಿಗೆ ಮೂರು ಕಪ್ಪು ತಂದುಕೊಡುತ್ತಿದ್ದೆ. ಅವರು ಬೆಂಚಿನ ಮೇಲೆ ಕೂತು ಒಂದರ ಹಿಂದೆ ಒಂದು ಮುಗಿಸುತ್ತಿದ್ದರು. ಆಮೇಲೆ ಅಕ್ಕ ಕಟ್ಟಿಕೊಟ್ಟ ಡಬ್ಬಿ ತೆಗೆದು ನನ್ನ ಕೈಗೆ ಕೊಡುತ್ತಿದ್ದರು. ಎರಡು ಬೇಯಿಸಿದ ಮೊಟ್ಟೆ, ಬ್ರೆಡ್ಡು, ಒಂದು ಬಾಳೆಹಣ್ಣು.

"ನೀನು ತಿನ್ನೋ. ನಂದು ಮನೇಲೇ ಆಯ್ತು" ಅನ್ನುತ್ತಿದ್ದರು.

ನಾನು ತಿನ್ನುತ್ತಿದ್ದೆ. ಎಂಟು ತಿಂಗಳಲ್ಲಿ ಒಂದು ದಿನವೂ ಬೇಡ ಅನ್ನಲಿಲ್ಲ. ಡಬ್ಬಿ ಅವರಿಗೆಂದು ಕಟ್ಟಿದ್ದು, ಮನೆಯಲ್ಲಿ ಆಗಿದ್ದರೆ ಅಕ್ಕ ಮತ್ತೆ ಯಾಕೆ ಕಟ್ಟುತ್ತಾಳೆ ಅಂತ ಯೋಚಿಸುವಷ್ಟು ಬುದ್ಧಿ ನನಗೆ ಇರಲಿಲ್ಲ. ಮೊಟ್ಟೆಯ ಮುಂದೆ ನನ್ನ ಬುದ್ಧಿ ಓಡುವುದಿಲ್ಲ.

ಆ ಗುರುವಾರ ಎಂಟನೇ ಮಹಡಿಯ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುವುದಿತ್ತು. ಆರಕ್ಕೆ ಬರಬೇಕಿದ್ದ ಮಿಕ್ಸರ್ ಲಾರಿಗಳು ಐದೂಮುಕ್ಕಾಲಿಗೇ ಬಂದು ಹಾರ್ನ್ ಹೊಡೆಯತೊಡಗಿದವು. ದಿನವೂ ಭಾವ ಕಾಫಿ ಕುಡಿದು, ಒಂದು ಸಲ ಪಾಯಿಖಾನೆಗೆ ಹೋಗಿ ಬಂದು, ಆಮೇಲೆ ಏರುತ್ತಿದ್ದರು. ಅವತ್ತು ನಾನೇ ಅವಸರ ಮಾಡಿದೆ. "ಭಾವ, ಲಾರಿಯವರು ತಲೆ ತಿಂತಿದ್ದಾರೆ, ಹತ್ತಿ ಹತ್ತಿ" ಅಂದೆ. ಮೂರನೇ ಕಪ್ಪನ್ನು ಒಂದೇ ಗುಟುಕಿಗೆ ಸುರಿದುಕೊಂಡು ಅವರು ಏಣಿ ಹಿಡಿದರು.

ಕಾಂಕ್ರೀಟ್ ತುಂಬಿದ ಮೂರನೇ ಬಕೆಟ್ ಮೇಲೇರುತ್ತ ಅರ್ಧ ದಾರಿಯಲ್ಲಿತ್ತು. ವಾಕಿಟಾಕಿಯಲ್ಲಿ ಭಾವನ ಧ್ವನಿ ಬಂತು.

"ಬಕೆಟ್ ವಾಪಸ್ ಇಳಿಸ್ತಿದೀನಿ. ಕೆಳಗೆ ಜಾಗ ಮಾಡು."

"ಏನಾಯ್ತು ಭಾವ? ಸ್ಲ್ಯಾಬಲ್ಲಿ ಕಾಯ್ತಿದ್ದಾರೆ."

"ಜಾಗ ಮಾಡು ಅಂದೆ."

ಅವರ ಅಂಥ ಧ್ವನಿಯನ್ನು ನಾನು ಯಾವತ್ತೂ ಕೇಳಿರಲಿಲ್ಲ. ಜನರನ್ನು ಸರಿಸಿದೆ. ಬಕೆಟ್ ಇಳಿಯಿತು. ನೆಲ ಮುಟ್ಟುವಾಗ ಒಂದು ಕಡೆ ಸ್ವಲ್ಪ ತಟ್ಟಿತು, ಒಂದು ಮುಷ್ಟಿ ಕಾಂಕ್ರೀಟ್ ಚೆಲ್ಲಿತು. ಬೇರೆಯವರಿಗೆ ಅದು ಲೆಕ್ಕಕ್ಕಿಲ್ಲ. ಭಾವ ಇಳಿಸಿದ ಭಾರ ಹಾಗೆ ತಟ್ಟಿದ್ದನ್ನು ನಾನು ನೋಡಿರಲಿಲ್ಲ. ನಾವು ಕೊಕ್ಕೆ ಬಿಡಿಸಿದೆವು. ಭಾವ ಕ್ರೇನನ್ನು ಸರಿಯಾಗಿ ನಿಲ್ಲಿಸಿ, ಇನ್ನೂರ ಹದಿನಾಲ್ಕು ಮೆಟ್ಟಿಲು ಇಳಿದರು. ಕೊನೆಯ ಮೆಟ್ಟಿಲಿನಿಂದ ನನ್ನ ಮುಖವನ್ನೂ ನೋಡದೆ ನೇರ ಪಾಯಿಖಾನೆಯ ಕಡೆಗೆ ನಡೆದರು. ಓಡಲಿಲ್ಲ. ಓಡಬಾರದು ಅಂತ ಹಲ್ಲು ಕಚ್ಚಿ ನಡೆದರು, ಅದು ದೂರಕ್ಕೇ ಗೊತ್ತಾಗುತ್ತಿತ್ತು.

ಹೊರಗೆ ಬಂದಾಗ ಸೇಫ್ಟಿ ಸಾಹೇಬರು ರಿಜಿಸ್ಟರ್ ಹಿಡಿದು ನಿಂತಿದ್ದರು. ಸೈಟಿನಲ್ಲಿ ಯಾರ ಪ್ರಾಣಕ್ಕೂ ಅಪಾಯವಾಗದಂತೆ ನೋಡಿಕೊಳ್ಳುವುದು ಅವರ ಕೆಲಸ. ಆಪರೇಟರ್ ನಡುವೆ ಇಳಿದರೆ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಭಾವ ಪೆನ್ನು ತೆಗೆದುಕೊಂಡರು. ಪೆನ್ನಿನ ತುದಿ ಕಾಗದದ ಮೇಲೆ ಟಕಟಕ ಅಂತ ಬಡಿದುಕೊಂಡಿತು. ಹಣೆಯ ತುಂಬ ಬೆವರು. ಸಾಹೇಬರು ಸಹಿಯನ್ನು ನೋಡಿದರು, ಕೈಯನ್ನು ನೋಡಿದರು.

"ಒಳಗೆ ಬನ್ನಿ" ಅಂದರು.

ಆಫೀಸಿನಲ್ಲಿ ಉಸಿರು ಊದಿಸುವ ಮೆಷಿನ್ ತಂದರು. ಕುಡಿದಿದ್ದಾರಾ ನೋಡುವುದಕ್ಕೆ. ನನಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತಾರು ವರ್ಷದ ಆಪರೇಟರನ್ನು ಕುಡುಕನ ಹಾಗೆ ಊದಿಸುವುದೇ? ಭಾವ ತಕರಾರಿಲ್ಲದೆ ಊದಿದರು. ಸೊನ್ನೆ ಬಂತು.

"ಕುಡಿತ ಅಲ್ಲ. ಹಾಗಾದ್ರೆ ಕೈ ಯಾಕೆ ಹೀಗೆ ನಡುಗುತ್ತೆ?" ಸಾಹೇಬರು ಕೇಳಿದರು.

"ಏನಿಲ್ಲ."

"ಏನಿಲ್ಲ ಅಂದ್ರೆ? ಕಾಯಿಲೆ ಇದ್ರೆ ಹೇಳಿ. ಭಯ ಆಗ್ತಿದ್ರೆ ಹೇಳಿ, ಅದರಲ್ಲಿ ತಪ್ಪಿಲ್ಲ."

ಭಾವ ನನ್ನ ಕಡೆ ಒಮ್ಮೆ ನೋಡಿ ಗೋಡೆಯ ಕಡೆ ತಿರುಗಿದರು.

ಸಾಹೇಬರು ಕೆಟ್ಟವರಲ್ಲ, ಇದನ್ನು ಈಗ ಹೇಳಬಲ್ಲೆ. "ನೋಡಿ," ಅಂದರು, "ನಿಮ್ಮ ಕೈ ಕೆಳಗೆ ಎಪ್ಪತ್ತು ತಲೆ ಇದಾವೆ. ಸೋಮವಾರ ಬೆಳಿಗ್ಗೆ ಆರಕ್ಕೆ ಪರೀಕ್ಷೆ ಮಾಡ್ತೀನಿ. ಅಲ್ಲಿವರೆಗೆ ಬಾಡಿಗೆ ಆಪರೇಟರ್ ತರಿಸ್ತೀನಿ. ಸೋಮವಾರ ಕೈ ನಿಂತ್ರೆ ಮೇಲೆ ಹೋಗಿ. ನಿಲ್ಲದಿದ್ರೆ ಇನ್ನು ಕ್ಯಾಬಿನ್ ಇಲ್ಲ. ಸ್ಟೋರಲ್ಲಿ ಕೂತ್ಕೊಳ್ಳಿ, ಸಂಬಳ ಈಗಿನಷ್ಟೇ ಕೊಡಿಸ್ತೀನಿ."

ಸಂಬಳ ಈಗಿನಷ್ಟೇ ಅಂದಾಗ ಭಾವನ ಮುಖ ನೋಡಬೇಕಿತ್ತು. ಆ ಮನುಷ್ಯನಿಗೆ ಆ ಸೀಟೇ ಬದುಕು. ಕೆಳಗೆ ಕೂರಿಸಿ ಮೊಳೆ ತೂಗಿಸಿದರೆ ಒಂದು ವರ್ಷದಲ್ಲಿ ಸೊರಗಿಹೋಗುತ್ತಾರೆ ಅಂತ ನನಗೂ ಗೊತ್ತು, ಅಕ್ಕನಿಗೂ ಗೊತ್ತು.

ಸಂಜೆ ಅವರ ಮನೆಗೆ ಹೋದೆ. ಭಾವ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡಿದ್ದರು. ಅಕ್ಕ ಅಡುಗೆಮನೆಯಲ್ಲಿ ತಟ್ಟೆಗಳನ್ನು ಸದ್ದು ಮಾಡಿ ಇಡುತ್ತಿದ್ದಳು. ಅವಳಿಗೆ ಸಿಟ್ಟು ಬಂದಾಗ ಪಾತ್ರೆಗಳಿಗೆ ಮೊದಲು ಗೊತ್ತಾಗುತ್ತದೆ. ನಡೆದದ್ದನ್ನೆಲ್ಲ ಹೇಳಿದೆ.

"ಬೆಳಿಗ್ಗೆ ಏನು ತಿಂತಾರೆ ಅಲ್ಲಿ?" ಅಂದಳು.

"ಏನೂ ಇಲ್ಲ. ಕಾಫಿ ಕುಡೀತಾರೆ. ಮನೇಲೇ ತಿಂದು ಬರ್ತಾರಲ್ಲ."

ಅಕ್ಕನ ಕೈ ನಿಂತಿತು. "ಮನೇಲಿ ಒಂದು ಲೋಟ ನೀರೂ ಕುಡಿಯಲ್ಲ. ಸೈಟಲ್ಲಿ ಡಬ್ಬಿ ತಿಂತೀನಿ ಅಂತಾರೆ. ಈ ಕ್ರೇನ್ ಬಂದಾಗಿಂದ ರಾತ್ರಿ ಊಟಾನೂ ಏಳು ಗಂಟೆಗೇ ಮುಗಿಸ್ತಾರೆ, ಅದೂ ಕಾಲು ಹೊಟ್ಟೆ. ಡಬ್ಬಿ ಖಾಲಿ ಬರುತ್ತಲ್ಲೋ ದಿನಾ?"

ನಾನು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟೆ.

"ಯಾರು ತಿಂತಾರೆ ಡಬ್ಬಿ?"

ನನ್ನ ಹೊಟ್ಟೆಯ ಕಡೆ ಅವಳೇ ನೋಡಿದಳು. ಆಮೇಲೆ ಅವಳು ಆಡಿದ್ದನ್ನು ಇಲ್ಲಿ ಬರೆಯುವುದಿಲ್ಲ. ಎಂಟು ತಿಂಗಳ ಮೊಟ್ಟೆಗಳನ್ನೂ ನನ್ನ ಗಂಟಲಿನಿಂದ ಒಂದೊಂದಾಗಿ ಹೊರಗೆ ತೆಗೆದಳು, ಅಷ್ಟು ಹೇಳಿದರೆ ಸಾಕು. ಅವಳು ಭಾವನ ಪ್ಯಾಂಟಿನ ಜೇಬಿನಲ್ಲಿ ಸಿಕ್ಕ ಗುಳಿಗೆಯ ಹಾಳೆಗಳನ್ನು ತಂದು ಮೇಜಿನ ಮೇಲೆ ಹರಡಿದಳು. ಎಲ್ಲ ಎದೆಯುರಿಗೆ ಚೀಪುವ ಗುಳಿಗೆಗಳು, ಎಲ್ಲ ಖಾಲಿ.

"ನಾಳೆ ಇವರನ್ನ ನಿಮ್ಮ ಸೈಟಿನ ನರ್ಸಮ್ಮನ ಹತ್ರ ಕರ್ಕೊಂಡು ಹೋಗು. ಎತ್ಕೊಂಡಾದ್ರೂ ಹೋಗು" ಅಂದಳು.

ಶುಕ್ರವಾರ ಬೆಳಿಗ್ಗೆ ಭಾವ ಮುಖ ಊದಿಸಿಕೊಂಡೇ ಬಂದರು. ಅಕ್ಕ ಮುಂದಿಟ್ಟ ಬ್ರೆಡ್ಡನ್ನು ಮುಟ್ಟಿರಲಿಲ್ಲ. ಗೇಟಿನ ಬಳಿ ನಾನು ತಡೆಯುವಷ್ಟರಲ್ಲಿ ತಾವೇ ಗುಂಡಿ ಒತ್ತಿ ಎರಡು ಕಪ್ಪು ಕಾಫಿ ಕುಡಿದರು. ನರ್ಸಮ್ಮನ ಕೋಣೆ ಅಂದರೆ ಸೈಟಿನ ಮೂಲೆಯಲ್ಲಿರುವ ಕಬ್ಬಿಣದ ಕಂಟೇನರ್. ಒಂದು ಮಂಚ, ತೂಕದ ಮೆಷಿನ್, ಔಷಧಿ ಕಪಾಟು. ಅವರು ಐವತ್ತು ದಾಟಿದ ಹೆಂಗಸು. ನಮ್ಮಲ್ಲಿ ಯಾರ ನಾಟಕವೂ ಅವರ ಮುಂದೆ ನಡೆಯುವುದಿಲ್ಲ.

ನಾಡಿ ನೋಡಿದರು, ರಕ್ತದೊತ್ತಡ ನೋಡಿದರು, ಬೆರಳು ಚುಚ್ಚಿ ಸಕ್ಕರೆ ನೋಡಿದರು. ನಾಡಿ ಜೋರಾಗಿತ್ತು, ಉಳಿದದ್ದು ಸರಿಯಾಗಿತ್ತು.

"ನಿನ್ನೆ ಯಾಕೆ ಇಳಿದ್ರಿ?" ಅಂದರು.

ಭಾವ ನನ್ನತ್ತ ಬೆರಳು ತೋರಿಸಿದರು. "ಇವನನ್ನ ಆಚೆ ಕಳಿಸಿ."

ನಾನು ಆಚೆ ಬಂದೆ. ಕಂಟೇನರಿನ ಕಿಟಕಿ ತೆರೆದಿತ್ತು. ಕದ್ದು ಕೇಳಿದೆ ಅನ್ನಲು ನಾಚಿಕೆಯೇನೂ ಇಲ್ಲ, ಕೇಳದಿದ್ದರೆ ಇವತ್ತಿಗೂ ಮೂರ್ಖನಾಗಿಯೇ ಇರುತ್ತಿದ್ದೆ.

"ಹೊಟ್ಟೆ ಕಲಸಿತು," ಭಾವ ಹೇಳುತ್ತಿದ್ದರು, "ಒಂದೇ ಸಲಕ್ಕೆ. ತಡೆಯೋಕೆ ಆಗ್ಲಿಲ್ಲ. ಅದು ಬರಬಾರದು ಅಂತಾನೇ ರಾತ್ರಿ ಏಳರಿಂದ ಮಧ್ಯಾಹ್ನದ ತನಕ ಏನೂ ತಿನ್ನಲ್ಲ ನಾನು. ಒಳಗೆ ಏನೂ ಇಲ್ದೆ ಇದ್ರೆ ಹೊರಗೆ ಏನು ಬರುತ್ತೆ? ಆದ್ರೂ ಬರುತ್ತೆ. ಹಸಿವು ತಿಳೀದೆ ಇರ್ಲಿ ಅಂತ ಕಾಫಿ ಕುಡೀತೀನಿ."

"ಇಳಿದು ಹೋಗಿ ಬಂದ್ರೆ ಏನಾಗುತ್ತೆ? ಮನುಷ್ಯರೇ ತಾನೆ?"

ಭಾವ, "ಇಲ್ಲಿ ಒಬ್ಬರಿದ್ರು, ನನ್ನ ಜೊತೆ ಆಪರೇಟರ್. ಎರಡು ಸಲ ಇಳಿದ್ರು ಅಂತ ಅವಸರ ಅಂತ ಹೆಸರಿಟ್ರು. ಆ ಹೆಸರು ಹೊತ್ಕೊಂಡೇ ಕೆಲಸ ಬಿಟ್ರು. ಹೆಸರಿಟ್ಟೋನು ಈಗ ಆಚೆ ನಿಂತಿದ್ದಾನೆ" ಅಂದರು.

ಕಬ್ಬಿಣದ ಗೋಡೆಗೆ ಒರಗಿ ನಿಂತಿದ್ದವನು ಅಲ್ಲೇ ನೆಲಕ್ಕೆ ಕೂತೆ. ಹದಿನಾಲ್ಕು ವರ್ಷದಿಂದ ಅವರ ಕಣ್ಣು ನಾನು ಅಂತ ಎಲ್ಲರ ಮುಂದೆ ಜಂಬ ಕೊಚ್ಚಿಕೊಂಡಿದ್ದೆ. ಆ ಮನುಷ್ಯ ಎಂಟು ತಿಂಗಳು ಉಪವಾಸ ಬಿದ್ದದ್ದು ನನ್ನ ನಾಲಗೆಗೆ ಹೆದರಿ. ಅವರ ಡಬ್ಬಿ ತಿಂದು, ಅವರ ಕೈಗೆ ಆ ಕಾಫಿ ಕೊಟ್ಟವನೂ ನಾನೇ. ನನಗೆ ನನ್ನ ಮೇಲೆ ಅಸಹ್ಯವಾಯಿತು.

ನರ್ಸಮ್ಮ ಬಾಗಿಲಿಗೆ ಬಂದು, "ಒಳಗೆ ಬಾ. ನೀನೂ ಕೇಳಿಸ್ಕೋ. ಹೇಗೂ ಕೇಳಿಸ್ಕೊಂಡಿದ್ದೀಯ" ಅಂದರು.

ಭಾವನಿಗೆ ಎರಡು ಕೈಯನ್ನೂ ಮುಂದಕ್ಕೆ ಚಾಚಲು ಹೇಳಿ, ಬೆರಳುಗಳ ಮೇಲೆ ಒಂದು ಬಿಳಿ ಹಾಳೆ ಇಟ್ಟರು. ಹಾಳೆ ಪಟಪಟ ನಡುಗಿತು.

"ಒಳಗೆ ಏನೂ ಇಲ್ದಿದ್ರೆ ಹೊರಗೆ ಏನೂ ಬರಲ್ಲ ಅಂದ್ಕೊಂಡಿದ್ದೀರಿ. ಕರುಳಲ್ಲಿ ನಿನ್ನೆದು, ಮೊನ್ನೆದು ಇದ್ದೇ ಇರುತ್ತೆ. ಬೆಳಿಗ್ಗೆ ಎದ್ದಾಗ ಕರುಳೂ ಎದ್ದಿರುತ್ತೆ. ಅದರ ಮೇಲೆ ಗಟ್ಟಿ ಕಾಫಿ ಸುರಿದ್ರೆ ಕೆಲವರಿಗೆ ಐದು ನಿಮಿಷ, ಕೆಲವರಿಗೆ ಅರ್ಧ ಗಂಟೆ, ಕರುಳು ಜೋರಾಗಿ ಹಿಂಡೋಕೆ ಶುರು ಮಾಡುತ್ತೆ. ನಿನ್ನೆ ಮೇಲೆ ಕೂತಾಗ ಆಗಿದ್ದು ಅದೇ."

"ಮತ್ತೆ ಈ ನಡುಕ?" ಭಾವ ಕೇಳಿದರು. ಅದೇ ಅವರ ನಿಜವಾದ ಚಿಂತೆ.

"ಅದೂ ಕಾಫಿನೇ. ಹೊಟ್ಟೆ ಖಾಲಿ ಇದ್ರೆ ಬೇಗ ರಕ್ತಕ್ಕೆ ಸೇರುತ್ತೆ. ಮೂರು ಕಪ್ಪು ಒಂದೇ ಉಸಿರಲ್ಲಿ ಕುಡಿದ್ರೆ ಕೈ ನಡುಗುತ್ತೆ, ಎದೆ ಡವಡವ ಅನ್ನುತ್ತೆ, ಬೆವರು ಬರುತ್ತೆ. ಹೆದರಿದಾಗ ಹೇಗಾಗುತ್ತೋ ಹಾಗೇ. ಎದೆಯುರಿ ಬೇರೆ. ಕಾಫಿ ಹೊಟ್ಟೇಲಿ ಹುಳಿ ನೀರು ಹೆಚ್ಚಿಸುತ್ತೆ, ಅರಗಿಸೋಕೆ ಅಲ್ಲಿ ಏನೂ ಇಲ್ಲ, ಮೇಲಕ್ಕೆ ನುಗ್ಗುತ್ತೆ. ಗುಳಿಗೆ ಚೀಪಿ ಮುಚ್ಚಿಟ್ರಿ."

"ಎಲ್ಲರೂ ಬೆಳಿಗ್ಗೆ ಬರೀ ಹೊಟ್ಟೇಲೇ ಕುಡೀತಾರಲ್ಲಮ್ಮ" ಅಂದೆ ನಾನು.

"ಎಲ್ಲರಿಗೂ ಆಗಲ್ಲ. ಸುಮಾರು ಜನಕ್ಕೆ ಏನೂ ಆಗಲ್ಲ. ಇವರಿಗೆ ಆಗುತ್ತೆ. ಚಹಾ ಕುಡಿದ್ರೂ ಆಗಬಹುದು, ಸ್ವಲ್ಪ ಕಮ್ಮಿ."

ಮಲ ಕಪ್ಪಗೆ ಹೋಗುತ್ತದೆಯಾ, ರಾತ್ರಿ ನೋವಿಗೆ ಎಚ್ಚರವಾಗುತ್ತದೆಯಾ, ನುಂಗಲು ಕಷ್ಟವಾ, ಎಲ್ಲ ಕೇಳಿದರು. ಇಲ್ಲ ಅಂದರು ಭಾವ. ಇದ್ದಿದ್ದರೆ ಡಾಕ್ಟರ ಹತ್ತಿರ ಓಡಿಸುತ್ತಿದ್ದೆ, ಎರಡು ವಾರದಲ್ಲಿ ಉರಿ ಹೋಗದಿದ್ದರೂ ಓಡಿಸುತ್ತೇನೆ ಅಂದರು ನರ್ಸಮ್ಮ. ಆಮೇಲೆ ದಿನಚರಿ ಹೇಳಿದರು. ನಾಲ್ಕೂವರೆಗೆ ಏಳಬೇಕು, ನೀರು ಕುಡಿಯಬೇಕು, ಬ್ರೆಡ್ಡು ಮೊಟ್ಟೆ ತಿನ್ನಬೇಕು, ತಿಂದಮೇಲೆ ಒಂದೇ ಒಂದು ಸಣ್ಣ ಕಪ್ಪು ಕಾಫಿ. ಒಂದೇ ಸಲಕ್ಕೆ ಪೂರ್ತಿ ಬಿಟ್ಟರೆ ತಲೆ ಸಿಡಿಯುತ್ತದೆ, ಅದಕ್ಕೆ ಒಂದು ಇರಲಿ. ತಿಂದರೂ ಕರುಳು ಕೆಲಸ ಶುರು ಮಾಡುತ್ತದೆ, ಆ ಕೆಲಸ ಕೆಳಗೇ ಮುಗಿಯಲಿ, ಹೋಗಿ ಬಂದೇ ಏಣಿ ಮುಟ್ಟಬೇಕು.

"ಲಾರಿಯವರು ಹಾರ್ನ್ ಹೊಡೆದ್ರೆ?" ಅಂದರು ಭಾವ.

"ಹೊಡೀಲಿ ಭಾವ, ಅವರನ್ನ ನಾನು ನೋಡ್ಕೊಳ್ತೀನಿ" ಅಂದೆ. ಅವರು ನನ್ನ ಮುಖ ನೋಡಲಿಲ್ಲ.

ಶನಿವಾರ ಐದು ಗಂಟೆಗೆ ನಾನೇ ಅವರ ಮನೆಯಲ್ಲಿದ್ದೆ. ಅಕ್ಕ ತಟ್ಟೆ ಮುಂದಿಟ್ಟು ಎದುರಿಗೆ ಕೂತಳು, ಪರೀಕ್ಷಾ ಕೋಣೆಯ ಮೇಲ್ವಿಚಾರಕಿಯ ಹಾಗೆ. ಭಾವ ಮೊದಲ ತುತ್ತು ನುಂಗಲು ಒದ್ದಾಡಿದರು. ಎಂಟು ತಿಂಗಳ ಅಭ್ಯಾಸ ಬಿಡಬೇಕಲ್ಲ. ಎರಡನೇ ಮೊಟ್ಟೆಗೆ ಬರುವ ಹೊತ್ತಿಗೆ ಅವರೇ ಬ್ರೆಡ್ಡು ಕೇಳಿದರು. ನನ್ನ ಮುಂದೆ ಅಕ್ಕ ಏನೂ ಇಡಲಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ. ಆಮೇಲೆ ಸಣ್ಣ ಕಪ್ಪು ಕಾಫಿ. ಅರ್ಧ ಗಂಟೆಯಲ್ಲಿ ಭಾವ ಎದ್ದು ಒಳಗೆ ಹೋಗಿ ನೆಮ್ಮದಿಯಾಗಿ ಬಂದರು. ಅಕ್ಕ ಅವರ ಬೆರಳ ಮೇಲೆ ಕ್ಯಾಲೆಂಡರಿನ ಹಳೆಯ ಹಾಳೆ ಇಟ್ಟಳು. ಹಾಳೆಯ ಒಂದು ಮೂಲೆ ಸ್ವಲ್ಪ ಅಲುಗಿತು, ನಿಂತಿತು. ಭಾನುವಾರ ಆ ಮೂಲೆಯೂ ಅಲುಗಲಿಲ್ಲ. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, "ಮೊದಲೇ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ರೀ ನಿಮಗೆ" ಅಂದಳು.

ಭಾನುವಾರ ಮಧ್ಯಾಹ್ನ ಭಾವ ಅಂಗಳದಲ್ಲಿ ಬೂಟಿಗೆ ಎಣ್ಣೆ ಹಚ್ಚುತ್ತಿದ್ದರು. ಪಕ್ಕದಲ್ಲಿ ಕೂತೆ.

"ಭಾವ, ತಪ್ಪಾಯ್ತು. ಹೊಟ್ಟೆಗೆ ಹಾಕ್ಕೊಳ್ಳಿ."

"ನನಗೆ ನೀನು ಏನೂ ಅಂದಿಲ್ಲವಲ್ಲೋ. ಅನ್ನಿಸಿಕೊಂಡೋರು ಬೇರೆ ಇದ್ದಾರೆ" ಅಂದರು. ಬೂಟಿನಿಂದ ಕಣ್ಣೆತ್ತಲಿಲ್ಲ.

ಅವರಿದ್ದ ಗೋಡೌನನ್ನು ವಿಚಾರಿಸಿಕೊಂಡು ಹೋದೆ. ಅದು ಊರ ಆಚೆ. ಭಾನುವಾರವೂ ಕೆಲಸ ನಡೆಯುತ್ತಿತ್ತು. ಫೋರ್ಕ್‌ಲಿಫ್ಟಿನ ಮೇಲೆ ಕೂತಿದ್ದ ಆ ಮನುಷ್ಯ ನನ್ನನ್ನು ನೋಡಿದ ತಕ್ಷಣ ಗಾಡಿ ನಿಲ್ಲಿಸಿ, ಮುಖ ಬಿಗಿದುಕೊಂಡರು. ನಾನು ಅವರ ಅಪ್ಪ ಅಮ್ಮ ಇಟ್ಟ ಹೆಸರು ಹಿಡಿದು ಕರೆದೆ. ಆ ಹೆಸರು ಹಾಜರಿ ಪುಸ್ತಕದಲ್ಲಿ ಹುಡುಕಿ ತಿಳಿದುಕೊಂಡು ಹೋಗಬೇಕಾಗಿತ್ತು, ಅದೇ ನನಗೆ ದೊಡ್ಡ ಅವಮಾನ. ಬಂದ ವಿಷಯ ಹೇಳಿದೆ. ಅವರು ಕೇಳಿದರು. ಬಯ್ಯಲಿಲ್ಲ, ಪರವಾಗಿಲ್ಲ ಅಂತಲೂ ಅನ್ನಲಿಲ್ಲ. "ನನ್ನ ಮಗಳ ಸ್ಕೂಲಿನ ತನಕ ಬಂದಿತ್ತು ಆ ಹೆಸರು" ಅಂದರು. ಆಮೇಲೆ ಗಾಡಿ ಶುರು ಮಾಡಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತು ಬಂದೆ.

ಸೋಮವಾರ. ಸಾಹೇಬರು ಸೈಟಿನ ಅಂಗಳದಲ್ಲಿ ಎಲ್ಲ ಸಿದ್ಧ ಮಾಡಿಸಿದ್ದರು. ಒಂದು ಡ್ರಮ್ಮಿಗೆ ಕಂಠಪೂರ್ತಿ ನೀರು. ಅದನ್ನು ಎತ್ತಿ, ಎರಡು ಸಾಲು ಕೋಲುಗಳ ನಡುವೆ ತಂದು, ಗೋಡೆ ದಾಟಿಸಿ, ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಬರೆದ ವೃತ್ತದೊಳಗೆ ಇಳಿಸಬೇಕು. ನೀರು ಚೆಲ್ಲಿದರೆ ಒಣ ಸುಣ್ಣದ ಮೇಲೆ ಕಲೆ ಬೀಳುತ್ತದೆ, ಯಾರನ್ನೂ ಕೇಳಬೇಕಾಗಿಲ್ಲ. ಸೈಟಿನ ಎಪ್ಪತ್ತು ಜನವೂ ಬಂದು ನಿಂತಿದ್ದರು. ನರ್ಸಮ್ಮ ಒಂದು ಚೀಟಿ ಬರೆದುಕೊಟ್ಟಿದ್ದರು. ಸಾಹೇಬರು ಅದನ್ನು ಓದಿ ಮಡಚಿ ಜೇಬಿಗಿಟ್ಟು, "ಕೈ ಏನು ಹೇಳುತ್ತೆ ನೋಡೋಣ" ಅಂದರು.

ಭಾವ ತಿಂದಿದ್ದರು, ಕುಡಿದಿದ್ದರು, ಹೋಗಿ ಬಂದಿದ್ದರು. ಏಣಿ ಮುಟ್ಟುವ ಮೊದಲು ಅಕ್ಕ ಕಟ್ಟಿದ ಡಬ್ಬಿ ನನ್ನ ಕೈಗೆ ಕೊಟ್ಟರು. ನಾನು ತಬ್ಬಿಬ್ಬಾದೆ.

"ಇದು ನಿಂದೇ. ಇವತ್ತಿಂದ ಎರಡು ಕಟ್ತಾಳಂತೆ" ಅಂದು ಏರಿದರು.

ಕೊಕ್ಕೆ ಬಿಗಿಯಾಯಿತು. ಡ್ರಮ್ಮು ನೆಲ ಬಿಟ್ಟಿತು. ನನಗೆ ಎಡ ಬಲ ಅನ್ನುವುದೇ ಮರೆತ ಹಾಗಾಗಿತ್ತು.

"ಭಾಮೈದ," ವಾಕಿಟಾಕಿಯಲ್ಲಿ ಮೇಲಿನಿಂದ ಧ್ವನಿ ಬಂತು, ಹಳೆಯ ಧ್ವನಿ, "ನೀನು ಉಸಿರಾಡು. ಉಳಿದದ್ದು ನಾನು ನೋಡ್ಕೊಳ್ತೀನಿ."

"ಎಡಕ್ಕೆ" ಅಂದೆ. "ಇನ್ನೂ. ಇನ್ನೂ. ಸಾಕು."

ಡ್ರಮ್ಮು ಕೋಲುಗಳ ನಡುವೆ ಬಂತು. ಯಾವ ಕೋಲೂ ಅಲುಗಲಿಲ್ಲ. ಗೋಡೆ ದಾಟುವಾಗ ಗಾಳಿ ಬೀಸಿತು, ಡ್ರಮ್ಮು ವಾಲಿತು. ಭಾವ ಕ್ರೇನಿನ ತೋಳನ್ನು ಅದು ವಾಲಿದ ಕಡೆಗೇ ಒಂದಿಷ್ಟು ಸರಿಸಿದರು, ತೂಗಾಟ ಸತ್ತುಹೋಯಿತು. ಹಾಗೆ ಮಾಡಲು ಕೈಗೆ ತಾಳ್ಮೆ ಬೇಕು, ನಡುಗುವ ಕೈಗೆ ಅದು ಬರುವುದಿಲ್ಲ. "ಇಳಿಸಿ" ಅಂದೆ. ವೃತ್ತದ ನಟ್ಟನಡುವೆ ಇಳಿಯಿತು. ಸಾಹೇಬರು ಬಗ್ಗಿ ಸುತ್ತ ನೋಡಿದರು. ಸುಣ್ಣ ಒಣಗಿಯೇ ಇತ್ತು. ಅವರು ವಾಕಿಟಾಕಿಯನ್ನು ನನ್ನ ಕೈಯಿಂದ ತೆಗೆದುಕೊಂಡು, "ಅಲ್ಲೇ ಇರಿ. ಇಳೀಬೇಡಿ. ಏಳಕ್ಕೆ ಕಬ್ಬಿಣ ಬರುತ್ತೆ" ಅಂದರು. ಜನ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ, ಕೈಯಲ್ಲಿ ಡಬ್ಬಿ ಇತ್ತು.

ಇದಾಗಿ ಒಂದು ತಿಂಗಳ ಮೇಲಾಯಿತು. ಎದೆಯುರಿ ಹೋಯಿತು, ಗುಳಿಗೆ ನಿಂತಿತು, ಭಾವನ ಕೆನ್ನೆ ಸ್ವಲ್ಪ ತುಂಬಿದೆ. ಮೆಷಿನ್ ಕಾಫಿಯನ್ನು ಈಗ ಮಧ್ಯಾಹ್ನ ಊಟದ ಮೇಲೆ ಕುಡಿಯುತ್ತಾರೆ, ಅದೂ ಒಂದೇ ಕಪ್ಪು.

ಮೊನ್ನೆ ಬುಧವಾರ ಹತ್ತನೇ ಮಹಡಿಗೆ ಕಾಂಕ್ರೀಟ್ ನಡೆದಿತ್ತು. ಹಿಂದಿನ ರಾತ್ರಿ ಅವರು ಯಾರದೋ ಮನೆಯ ಔತಣಕ್ಕೆ ಹೋಗಿದ್ದರು. ಅಕ್ಕ ಬಲವಂತ ಮಾಡಿ ಎಳೆದುಕೊಂಡು ಹೋಗಿದ್ದಳು. ಒಂಬತ್ತು ಗಂಟೆಯ ಸುಮಾರಿಗೆ, ಎಪ್ಪತ್ತು ಜನ ಕೇಳುವ ಆ ವಾಕಿಟಾಕಿಯಲ್ಲಿ, ಭಾವ ಹೇಳಿದರು.

"ಬಕೆಟ್ ಇಳಿಸಿ ನಾನೂ ಇಳೀತೀನಿ. ಹೊಟ್ಟೆ ಸರಿ ಇಲ್ಲ. ಪಾಯಿಖಾನೆಗೆ ಹೋಗಬೇಕು."

ಸಲಿಕೆಗಳು ನಿಂತವು. ಸ್ಲ್ಯಾಬಿನ ಮೇಲಿದ್ದವರು, ಲಾರಿಯ ಡ್ರೈವರುಗಳು, ಕಬ್ಬಿಣ ಕಟ್ಟುವವರು, ಎಲ್ಲರೂ ನನ್ನ ಕಡೆ ತಿರುಗಿದರು. ಒಬ್ಬಿಬ್ಬರ ತುಟಿಯಲ್ಲಿ ನಗು ಆಗಲೇ ಸಿದ್ಧವಾಗಿತ್ತು, ನಾನು ಒಂದು ಮಾತು ಆಡುವುದನ್ನೇ ಕಾಯುತ್ತಿದ್ದರು. ನಾಲಗೆಯ ತುದಿಗೆ ಒಂದು ಮಾತು ಬಂದದ್ದೂ ನಿಜ, ಸುಳ್ಳು ಯಾಕೆ ಹೇಳಲಿ. ನುಂಗಿದೆ.

"ಆಗಲಿ ಭಾವ" ಅಂದೆ, ಎಲ್ಲರಿಗೂ ಕೇಳುವ ಹಾಗೆ. "ಬಕೆಟ್‌ಗೆ ಜಾಗ ಮಾಡಿದ್ದೀನಿ. ಏಣಿ ನಿಧಾನವಾಗಿ ಇಳೀರಿ. ನಾವು ಕಾಯ್ತೀವಿ."

ಮೇಲಿನಿಂದ ಭಾವ, "ಬರ್ತೀನಿ ಕಣೋ" ಅಂದರು. ಬಕೆಟ್ ಬಂದು ಸದ್ದಿಲ್ಲದೆ ನೆಲದ ಮೇಲೆ ಕೂತಿತು, ಒಂದು ಹನಿಯೂ ಚೆಲ್ಲಲಿಲ್ಲ.